ನರಿ ಎಂದರೆ ಹುಲಿ: ಕಲಿತ ಪದವನ್ನು ಮತ್ತೆ ಯಾವಾಗ ನೋಡಬೇಕು?

ಕುಶಾಲನಗರದಲ್ಲಿ ಹುಟ್ಟಿ ಬೆಳೆದು, ಈಗ ಗೋಣಿಕೊಪ್ಪಲಿನ ಹತ್ತಿರ ಸಣ್ಣ ಕಾಫಿ ತೋಟ ನೋಡಿಕೊಳ್ಳುತ್ತಿದ್ದೇನೆ. ಸುತ್ತಮುತ್ತ ಎಲ್ಲರದೂ ಕೊಡವರ ಭಾಷೆ, ಕೊಡವ ತಕ್ಕ್. ನನ್ನ ಜೊತೆ ಕನ್ನಡದಲ್ಲಿ ಮಾತಾಡುತ್ತಾರೆ, ಆದರೆ ತಮ್ಮತಮ್ಮಲ್ಲಿ ಮಾತಾಡುವಾಗ ನಾನು ಹೊರಗೇ ಉಳಿಯುತ್ತಿದ್ದೆ. ಒಂದು ದಿನ ಪಕ್ಕದ ಮನೆಯ ಅಜ್ಜಿ ‘ನರಿ ಮಂಗಲ’ದ ಮಾತು ತೆಗೆದರು. ನನಗೆ ಥಟ್ಟನೆ ನೆನಪಾಗಿದ್ದು ಬಿಸಿಲು ಮಳೆ ಒಟ್ಟಿಗೆ ಬಂದಾಗ ನಾವು ಕೂಗುತ್ತಿದ್ದ ಕಾಗೆಗೂ ನರಿಗೂ ಮದುವೆ. ಅಜ್ಜಿ ಹೇಳಿದ್ದು ಬೇರೆಯೇ. ಹುಲಿ ಕೊಂದವನನ್ನು ಕೂರಿಸಿ ಮದುವೆಯಂತೆ ಮಾಡುತ್ತಿದ್ದ ಹಳೆಯ ಗೌರವ ಅದು. ಕೊಡವ ತಕ್ಕಿನಲ್ಲಿ ನರಿ ಎಂದರೆ ಹುಲಿ.

ಆ ಸಂಜೆಯೇ ಪದಗಳನ್ನು ಕಾರ್ಡು ಮಾಡಿ ಕಲಿಯಲು ಶುರು ಮಾಡಿದೆ. ಒಂದು ಬದಿಗೆ ‘ಹುಲಿ’, ಇನ್ನೊಂದು ಬದಿಗೆ ‘ನರಿ’. ಕಾರ್ಡು ಮಾಡುವುದು ಸುಲಭ. ಅದನ್ನು ನಾಳೆ ನೋಡಬೇಕೋ, ಮುಂದಿನ ವಾರವೋ, ಮುಂದಿನ ತಿಂಗಳೋ ಎಂಬುದೇ ತಲೆನೋವು. ಈ ಪ್ರಶ್ನೆಗೆ ನೂರು ವರ್ಷಕ್ಕೂ ಹೆಚ್ಚಿನ ಇತಿಹಾಸ ಇದೆ. ಅದು ಗೊತ್ತಿದ್ದರೆ ಇವತ್ತಿನ ಆ್ಯಪ್‌ಗಳಲ್ಲಿ ಕಾಣುವ ಅಂಕಿಗಳು ಎಲ್ಲಿಂದ ಬಂದವು, ಅವನ್ನು ಎಷ್ಟು ನಂಬಬೇಕು ಎಂಬುದು ತಿಳಿಯುತ್ತದೆ.

ಮೊದಲು ಇದನ್ನು ಅಳೆದವರು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್. ಅರ್ಥವಿಲ್ಲದ ಸಣ್ಣ ಸಣ್ಣ ಉಚ್ಚಾರಗಳನ್ನು ಸಾಲು ಮಾಡಿ ತಾವೇ ಬಾಯಿಪಾಠ ಮಾಡಿದರು. ಸ್ವಲ್ಪ ಹೊತ್ತು ಬಿಟ್ಟು ಅದೇ ಸಾಲನ್ನು ಮತ್ತೆ ಕಲಿತು, ಎರಡನೇ ಸಲ ಎಷ್ಟು ಶ್ರಮ ಉಳಿಯಿತು ಎಂದು ಲೆಕ್ಕ ಹಾಕಿದರು. 1885ರಲ್ಲಿ ಅದನ್ನು ಪ್ರಕಟಿಸಿದರು. ಒಂದು ದಿನದ ಬಳಿಕ ಉಳಿತಾಯ ಸುಮಾರು ಮೂರನೇ ಒಂದು ಭಾಗ. ಒಂದು ತಿಂಗಳ ಬಳಿಕ ನೋಡಿದರೂ ಐದನೇ ಒಂದು ಭಾಗ ಇತ್ತು. ಅಂದರೆ ಮರೆವು ಮೊದಲ ದಿನ ಕಡಿದಾದ ಇಳಿಜಾರು, ಆಮೇಲೆ ಹೆಚ್ಚುಕಡಿಮೆ ಸಮತಟ್ಟು. ಇನ್ನೊಂದು ಫಲಿತಾಂಶ ನಮಗೆ ಇನ್ನೂ ಮುಖ್ಯ. ಒಂದೇ ದಿನ 68 ಸಲ ಓದಿದ್ದರಿಂದ ಸಿಕ್ಕ ಲಾಭ, ಮೂರು ದಿನಕ್ಕೆ ಹಂಚಿ ಬರೀ 38 ಸಲ ಓದಿದರೂ ಸಿಕ್ಕಿತು. ನಡುವೆ ಬಿಟ್ಟ ಸಮಯವೇ ಕೆಲಸ ಮಾಡಿತ್ತು.

ಎಷ್ಟು ಬಿಡಬೇಕು ಎಂಬುದಕ್ಕೆ ಭಾಷೆ ಕಲಿಸುವವರ ಕಡೆಯಿಂದ ಪಟ್ಟಿಯೊಂದು ಬಂದದ್ದು 1967ರಲ್ಲಿ. ಅಮೆರಿಕದ ಪಾಲ್ ಪಿಮ್ಸ್ಲರ್ ಹೇಳಿದ ಅಂತರಗಳು ಹೀಗಿದ್ದವು: 5 ಸೆಕೆಂಡು, 25 ಸೆಕೆಂಡು, 2 ನಿಮಿಷ, 10 ನಿಮಿಷ, 1 ಗಂಟೆ, 5 ಗಂಟೆ, 1 ದಿನ, 5 ದಿನ, 25 ದಿನ, 4 ತಿಂಗಳು, 2 ವರ್ಷ. ಪ್ರತಿ ಹೆಜ್ಜೆಯೂ ಹಿಂದಿನದರ ಸುಮಾರು ಐದು ಪಟ್ಟು. ಆದರೆ ಈ ಪಟ್ಟಿಗೆ ಎಲ್ಲ ಪದವೂ ಒಂದೇ. ನನ್ನ ಕಾರ್ಡುಗಳು ಹಾಗಿರಲಿಲ್ಲ.

ಕೊಡವ ತಕ್ಕಿನ ಪಾಲ್, ಪಂದಿ, ಪೂ, ಪತ್ತ್ ಇವನ್ನು ನೋಡಿ. ಹಾಲು, ಹಂದಿ, ಹೂ, ಹತ್ತು. ಕನ್ನಡದಲ್ಲಿ ಹಕಾರವಾದ ಹಳೆಯ ಪಕಾರ ಅಲ್ಲಿ ಹಾಗೇ ಉಳಿದಿದೆ. ಈ ಗುಟ್ಟು ಒಮ್ಮೆ ತಿಳಿದ ಕನ್ನಡಿಗರಿಗೆ ಇವನ್ನು ಐದು ದಿನಕ್ಕೊಮ್ಮೆ ನೋಡುವುದೂ ದಂಡ. ನರಿ, ನಮ್ಮೆ, ದಂಡ್ ಹಾಗಲ್ಲ. ನಮ್ಮೆ ಎಂದರೆ ಹಬ್ಬ, ದಂಡ್ ಎಂದರೆ ಎರಡು. ನಾವು ಹುಟ್ಟಿದಾಗಿನಿಂದ ಬಳಸಿದ ಬೇರೆ ಅರ್ಥ ಅಡ್ಡ ಬಂದು ಹೊಸ ಅರ್ಥವನ್ನು ತಳ್ಳಿಬಿಡುತ್ತದೆ. ಈ ಎರಡು ಗುಂಪಿಗೂ ಒಂದೇ ಅಂತರ ಹೇಗೆ ಸರಿಹೋದೀತು?

ಇದಕ್ಕೆ ಸರಳ ಉಪಾಯ ಕೊಟ್ಟವರು ಜರ್ಮನ್ ಭಾಷೆಯಲ್ಲಿ ಬರೆಯುತ್ತಿದ್ದ ಸೆಬಾಸ್ಟಿಯನ್ ಲೈಟ್ನರ್, 1970ರ ದಶಕದ ಆರಂಭದಲ್ಲಿ. ಐದು ಖಾನೆಯ ಒಂದು ಪೆಟ್ಟಿಗೆ. ಹಿಂದಕ್ಕೆ ಹೋದಂತೆ ಖಾನೆ ಅಗಲ. ಉತ್ತರ ಸರಿಯಾದರೆ ಕಾರ್ಡು ಮುಂದಿನ ಖಾನೆಗೆ, ತಪ್ಪಾದರೆ ಮತ್ತೆ ಮೊದಲನೆಯದಕ್ಕೆ. ಖಾನೆ ತುಂಬಿದಾಗ ಮಾತ್ರ ಅದನ್ನು ನೋಡಬೇಕು. ಇದರಲ್ಲಿ ದಿನಗಳ ಲೆಕ್ಕವೇ ಇಲ್ಲ. ಸುಲಭದ ಪದ ತಾನಾಗಿ ಹಿಂದೆ ಸರಿಯುತ್ತದೆ, ಕಷ್ಟದ್ದು ಕಣ್ಣೆದುರೇ ಇರುತ್ತದೆ. ಜುಲೈ ಮಳೆಯಲ್ಲಿ ನಮ್ಮಲ್ಲಿ ಎರಡು ದಿನ ಕರೆಂಟ್ ಹೋದಾಗ ನಾನು ಚಪ್ಪಲಿ ಡಬ್ಬಿಯಲ್ಲಿ ರಟ್ಟು ಅಡ್ಡ ಇಟ್ಟು ಇದನ್ನೇ ಮಾಡಿಕೊಂಡಿದ್ದೆ. ಕಾಗದ ತೇವಕ್ಕೆ ಮೆತ್ತಗಾಗುತ್ತದೆ ಎಂಬುದು ಬಿಟ್ಟರೆ ಚೆನ್ನಾಗಿಯೇ ನಡೆಯಿತು.

ಈಗಿನ ಆ್ಯಪ್‌ಗಳ ಬೇರು ಪೋಲೆಂಡಿನಲ್ಲಿದೆ. ಪಿಯೋತರ್ ವೋಜ್ನಿಯಾಕ್ ಎಂಬ ವಿದ್ಯಾರ್ಥಿ ಇಂಗ್ಲಿಷ್ ಪದಗಳನ್ನು ಕಾಗದದ ಹಾಳೆಗಳಲ್ಲಿ ಬರೆದು, 1985ರಲ್ಲಿ ತಮ್ಮ ಮೇಲೆಯೇ ಪ್ರಯೋಗ ಮಾಡಿದರು. ಒಂದೊಂದು ಹಾಳೆಯನ್ನು ಬೇರೆ ಬೇರೆ ದಿನ ಬಿಟ್ಟು ನೋಡಿ, ಯಾವಾಗ ಮರೆವು ಏರುತ್ತದೆ ಎಂದು ಗಮನಿಸಿದರು. ಅವರಿಗೆ ಒಗ್ಗಿದ ಅಂತರ 1, 7, 16, 35 ದಿನ. ಎರಡು ವರ್ಷದ ಬಳಿಕ, 1987ರಲ್ಲಿ, ಇದನ್ನು ಕಂಪ್ಯೂಟರಿಗೆ ತಂದರು. ಆಗ ಪ್ರತಿ ಕಾರ್ಡಿಗೂ ‘ಸುಲಭತೆ’ಯ ಒಂದು ಅಂಕಿ ಕೊಟ್ಟರು.

```
I(1) = 1
I(2) = 6
I(n) = I(n-1) × EF, n > 2
```

ಇಲ್ಲಿ `I(n)` ಎಂದರೆ n-ನೇ ಸಲ ನೋಡುವ ಮೊದಲು ಬಿಡಬೇಕಾದ ದಿನಗಳು, `EF` ಎಂದರೆ ಆ ಸುಲಭತೆಯ ಅಂಕಿ. ಅದು ಶುರುವಾಗುವುದು 2.5ರಿಂದ. ಹಾಗಾಗಿ ತಪ್ಪದೇ ನೆನಪಾಗುವ ಪದ 1, 6, 15, 38, 95 ದಿನಗಳ ಅಂತರದಲ್ಲಿ ಬರುತ್ತದೆ. ಐದು ತಿಂಗಳಲ್ಲಿ ಐದೇ ಸಲ. ಕಷ್ಟವಾದರೆ ಅಂಕಿ ಇಳಿಯುತ್ತದೆ, ಆದರೆ 1.3ಕ್ಕಿಂತ ಕೆಳಗೆ ಹೋಗುವುದಿಲ್ಲ. 2006ರಲ್ಲಿ ಡೇಮಿಯನ್ ಎಲ್ಮ್ಸ್ ಮಾಡಿದ ‘ಆಂಕಿ’ ಎಂಬ ಕಾರ್ಡು ಆ್ಯಪ್ ಇದೇ ಸೂತ್ರವನ್ನು ತುಸು ತಿದ್ದಿ ಬಳಸಿತು.

ಆ ತಿದ್ದುಪಡಿಯಲ್ಲೇ ನಾನು ಸಿಕ್ಕಿಬಿದ್ದೆ. ಆಂಕಿಯ ಹಳೆಯ ಲೆಕ್ಕದಲ್ಲಿ ಪ್ರತಿ ಸಲ ಮರೆತಾಗ ಸುಲಭತೆ 0.20 ಇಳಿಯುತ್ತದೆ. ಉತ್ತರ ನೋಡಿದ ಮೇಲೆ, ಕಷ್ಟವಾಯಿತು ಎಂದು ‘Hard’ ಗುಂಡಿ ಒತ್ತಿದರೆ 0.15. ‘Good’ ಎಷ್ಟು ಸಲ ಒತ್ತಿದರೂ ಅದು ಮೇಲೇರುವುದಿಲ್ಲ. ನನ್ನ ‘ನರಿ’ ಮೊದಲ ತಿಂಗಳಲ್ಲಿ ಆರು ಸಲ ತಪ್ಪಿ 1.3ಕ್ಕೆ ಬಂದು ನಿಂತಿತು. ಆಮೇಲೆ ಪದ ಗಟ್ಟಿಯಾಗಿ ಬಾಯಿಗೆ ಬಂದರೂ ಅದು 10, 13, 17, 22 ದಿನ ಎಂದು ಕುಂಟುತ್ತಾ ಬರುತ್ತಿತ್ತು. ಗೊತ್ತಿರುವ ಪದವನ್ನೇ ದಿನಾ ನೋಡುತ್ತಿದ್ದೇನಲ್ಲಾ ಎಂದು ಬೇಸರವಾದರೆ ಇದೇ ಕಾರಣ ಇರಬಹುದು. 2023ರ ಕೊನೆಗೆ ಆಂಕಿಗೆ `FSRS` ಎಂಬ ಹೊಸ ಲೆಕ್ಕ ಸೇರಿತು. ಅದು ನಮ್ಮ ಹಿಂದಿನ ಉತ್ತರಗಳನ್ನೆಲ್ಲ ನೋಡಿ, ಈ ಪದ ನೆನಪಿರುವ ಸಾಧ್ಯತೆ ಯಾವ ದಿನ ನಾವು ಹೇಳಿದ ಮಟ್ಟಕ್ಕೆ ಇಳಿಯುತ್ತದೆ ಎಂದು ಅಂದಾಜು ಮಾಡುತ್ತದೆ. ಈ ಕುಂಟಾಟ ಅದರಲ್ಲಿ ತುಂಬಾ ಕಡಿಮೆ.

ಹೊಸದಾಗಿ ಶುರು ಮಾಡುವವರು ಇದನ್ನೇ ಹಾಕಿಕೊಳ್ಳಲಿ ಎನ್ನುತ್ತೇನೆ. ಅಲ್ಲಿ ನಾವು ನಿಜವಾಗಿ ನಿರ್ಧರಿಸಬೇಕಾದ್ದು ಒಂದು ಅಂಕಿ, `Desired retention`. ಅದು 0.90 ಇರುತ್ತದೆ, ಅಂದರೆ ಹತ್ತರಲ್ಲಿ ಒಂಬತ್ತು ನೆನಪಿರಲಿ ಎಂದು. ಇನ್ನೂ ಚೆನ್ನಾಗಿರಲಿ ಅಂತ 0.95 ಮಾಡಿದರೆ ಪ್ರತಿ ಅಂತರವೂ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ನೂರರಲ್ಲಿ ಐದು ಪದ ಹೆಚ್ಚು ನೆನಪಿಡಲು ಎಷ್ಟೊಂದು ಹೆಚ್ಚು ಕೆಲಸ! ಮಾತಾಡಲು ಕಲಿಯುವವರಿಗೆ ಅದು ಬೇಕಿಲ್ಲ, ಯಾಕೆಂದರೆ ಮರೆತ ಪದ ನಾಳೆ ಅಂಗಡಿಯಲ್ಲಿ ಕಿವಿಗೆ ಬೀಳುತ್ತದೆ. ಒಂದು ಎಚ್ಚರಿಕೆ ಮಾತ್ರ ಬೇಕು. ಪದ ನೆನಪಾಗದಿದ್ದರೆ ‘Again’ ಒತ್ತಬೇಕು. ಪಾಪ, ಹತ್ತಿರ ಬಂದಿದ್ದೆ ಎಂದು ‘Hard’ ಒತ್ತಿದರೆ, ಕಷ್ಟಪಟ್ಟಾದರೂ ನೆನಪಾಯಿತು ಎಂದೇ ಅದು ತಿಳಿಯುತ್ತದೆ. ಆಗ ಎಲ್ಲ ಅಂತರಗಳೂ ಉದ್ದವಾಗಿ ಹಾಳಾಗುತ್ತವೆ.

ಅಂತರ ಸರಿಯಿದೆಯೇ ಎಂದು ತಿಳಿಯಲು, ಮೂರು ವಾರ ದಾಟಿದ ಕಾರ್ಡುಗಳಲ್ಲಿ ಎಷ್ಟು ಸರಿಯಾಗುತ್ತಿವೆ ಎಂದು ತಿಂಗಳಿಗೊಮ್ಮೆ ನೋಡುತ್ತೇನೆ. ನೂರರಲ್ಲಿ 85ರಿಂದ 92 ಇದ್ದರೆ ಸುಮ್ನೆ ಬಿಟ್ಟುಬಿಡುತ್ತೇನೆ. 97 ಬಂದರೆ ಸಮಯ ಪೋಲಾಗುತ್ತಿದೆ ಎಂದರ್ಥ. 80ಕ್ಕಿಂತ ಕೆಳಗಿದ್ದರೆ ಮೊದಲು ಕಾರ್ಡುಗಳನ್ನೇ ಅನುಮಾನಿಸುತ್ತೇನೆ. ದಂಡ್ ಎಂಟು ಸಲ ತಪ್ಪಿತ್ತು. ಅಂತರ ಎಷ್ಟು ಕಡಿಮೆ ಮಾಡಿದರೂ ಅದು ಉಳಿಯುತ್ತಿರಲಿಲ್ಲ. ಆ ಕಾರ್ಡು ಕಿತ್ತು, ‘ಒಂದ್, ___, ಮೂಂದ್’ ಎಂದು ಮಾಡಿ, ಅಜ್ಜಿ ಎಣಿಸಿದ ದನಿಯನ್ನು ಫೋನಿನಲ್ಲಿ ಹಿಡಿದು ಸೇರಿಸಿದೆ. ಆಮೇಲೆ ತಪ್ಪಲಿಲ್ಲ. ಕೊಡವ ತಕ್ಕಿನ ಕೆಲವು ಸ್ವರಗಳಿಗೆ ಕನ್ನಡ ಲಿಪಿಯಲ್ಲಿ ಅಕ್ಷರವಿಲ್ಲ, ಹಾಗಾಗಿ ದನಿ ಹೇಗೂ ಬೇಕು.

ಇನ್ನು ಹೊಸ ಪದಗಳ ಸಂಖ್ಯೆ. ಅಂತರಗಳು ಕೆಡುವುದು ಹೆಚ್ಚಾಗಿ ಇಲ್ಲೇ. ದಿನಕ್ಕೆ 10 ಹೊಸ ಪದ ಅಂದುಕೊಳ್ಳೋಣ. 1, 6, 15, 38ರ ಲೆಕ್ಕದಲ್ಲಿ ಒಂದು ಪದ ಕಲಿತ 1, 7, 22, 60ನೇ ದಿನ ಎದುರು ಬರುತ್ತದೆ. ಎರಡು ತಿಂಗಳಾಗುವಷ್ಟರಲ್ಲಿ ದಿನಕ್ಕೆ 40 ಹಳೆಯ ಕಾರ್ಡು, ಮೇಲೆ ತಪ್ಪಿದವು. ಇದು 15 ನಿಮಿಷದ ಕೆಲಸ. ಆಂಕಿಯಲ್ಲಿ ಮೊದಲೇ ಇರುವ 20ನ್ನು ಹಾಗೇ ಉಳಿಸಿಕೊಂಡರೆ ಇದರ ಎರಡರಷ್ಟು.

ನಾನು 10ಕ್ಕೇ ಇಟ್ಟಿದ್ದೆ. ಆದರೆ ಡಿಸೆಂಬರಿನಲ್ಲಿ ಕಾಫಿ ಕುಯ್ಲು ಶುರುವಾಯಿತು. ಬೆಳಗ್ಗೆ ತೋಟ, ಸಂಜೆ ತೂಕ, ರಾತ್ರಿ ಕಣದ ಚಿಂತೆ. ಒಂದು ತಿಂಗಳು ಕಾರ್ಡು ಮುಟ್ಟಲಿಲ್ಲ. ಆಗ ಇದ್ದದ್ದು 600 ಪದ. ಮತ್ತೆ ತೆರೆದಾಗ 500ಕ್ಕಿಂತ ಜಾಸ್ತಿ ಕಾದಿದ್ದವು. ಲೆಕ್ಕವೂ ಹಾಗೇ ಹೇಳುತ್ತದೆ. 22ರಿಂದ 29 ದಿನ ಹಳೆಯದಾದ 80 ಪದ ಬಿಟ್ಟು ಉಳಿದ 520ರ ಸರದಿಯೂ ಆ ತಿಂಗಳೊಳಗೆ ಬರುತ್ತದೆ. ಎಷ್ಟೋ ಜನ ಎಲ್ಲವನ್ನೂ ಅಳಿಸಿ ಬಿಡುವುದು ಇಲ್ಲೇ.

ಅಳಿಸಬೇಕಿಲ್ಲ. ಹೊಸ ಪದ ನಿಲ್ಲಿಸಿ ದಿನಕ್ಕೆ 50ರಂತೆ ತೆಗೆದುಕೊಂಡೆ, ನಡುವೆ ಮತ್ತೆ ಸರದಿ ಬಂದವೂ ಸೇರಿ ಸುಮಾರು ಎರಡೂವರೆ ವಾರಕ್ಕೆ ಮುಗಿಯಿತು. ಯಾವುದು ಮೊದಲು ಎಂಬುದು ಮುಖ್ಯ. ಒಂದೇ ದಿನದ ಅಂತರದ ಪದವನ್ನು ತಿಂಗಳು ಬಿಟ್ಟರೆ ಅದು ಹೋದ ಹಾಗೇ. ಇವತ್ತಾದರೇನು, ಮುಂದಿನ ವಾರವಾದರೇನು. 38 ದಿನದ ಪದ ಹತ್ತು ದಿನ ತಡವಾಗಿದ್ದರೆ ಇನ್ನೂ ಜೀವ ಇರುತ್ತದೆ, ಅದನ್ನು ಮೊದಲು ಉಳಿಸಬೇಕು. ಆಂಕಿಯಲ್ಲಿ ಇದಕ್ಕೆ ವಿಂಗಡಣೆಯನ್ನು `Descending retrievability` ಎಂದು ಇಡಬಹುದು. ಇದರಲ್ಲೊಂದು ಲಾಭವೂ ಇತ್ತು. 15 ದಿನಕ್ಕೆ ಬರಬೇಕಿದ್ದ ‘ನಮ್ಮೆ’ 40 ದಿನದ ಬಳಿಕವೂ ನೆನಪಿತ್ತು. ಅದನ್ನು ಆ್ಯಪ್ ಲೆಕ್ಕಕ್ಕೆ ಹಿಡಿದು, ಮುಂದಿನ ಅಂತರವನ್ನು ಮೂರು ತಿಂಗಳಾಚೆಗೆ ಹಾಕಿತು.

ಈ ಸಲ ಕುಯ್ಲಿಗೆ ಮೂರು ವಾರ ಮುಂಚೆಯೇ, ನವೆಂಬರ್ ಎರಡನೇ ವಾರದಲ್ಲಿ, ಹೊಸ ಪದ ನಿಲ್ಲಿಸುತ್ತೇನೆ. ಆಗ ಡಿಸೆಂಬರ್ ಬರುವಷ್ಟರಲ್ಲಿ ಎಲ್ಲ ಪದವೂ 22ನೇ ದಿನದ ಸರದಿ ದಾಟಿರುತ್ತದೆ. ಉಳಿಯುವುದು 60ನೇ ದಿನದವು, ದಿನಕ್ಕೆ ಹತ್ತೋ ಹನ್ನೆರಡೋ. ಬೆಳಗ್ಗೆ ತೋಟಕ್ಕೆ ಆಳುಗಳು ಬರುವ ಮೊದಲು ಒಂದು ಲೋಟ ಕಾಫಿ ಕುಡಿಯುವ ಹೊತ್ತಿಗೆ ಅಷ್ಟು ಮುಗಿಯುತ್ತದೆ.