12 ಜನ ಸೇರಿ ಒಂದು ಮದುವೆ ಉಡುಗೊರೆ: ಕಾರ್ಡಿನಲ್ಲಿ ಏನು ಬರೆಯೋಣ?

ಪ್ರಶ್ನೆ: ಸಹೋದ್ಯೋಗಿಯ ಮದುವೆಗೆ ನಾವು ಆಫೀಸಿನ 12 ಜನ ದುಡ್ಡು ಹಾಕಿ ಗ್ರೈಂಡರ್ ತಗೊಂಡಿದ್ದೇವೆ. ನಮ್ಮಲ್ಲಿ ಕೆಲವರು ಅವಳನ್ನು ‘ನೀನು’ ಅಂತಾರೆ, ಕೆಲವರು ‘ಮೇಡಂ’ ಅಂತಾರೆ. ಎಲ್ಲರ ಪರವಾಗಿ ಕಾರ್ಡ್ ಬರೆಯುವುದು ಹೇಗೆ? ಹನ್ನೆರಡೂ ಹೆಸರು ಬೇಕಾ?

ಉತ್ತರ: ‘ನೀನು’, ‘ನೀವು’ ಗೊಂದಲಕ್ಕೆ ಸುಲಭದ ದಾರಿ ಇದೆ. ಕಾರ್ಡನ್ನು ಅವಳೊಬ್ಬಳಿಗೆ ಬರೆಯಬೇಡಿ, ಗಂಡ ಹೆಂಡತಿ ಇಬ್ಬರಿಗೂ ಬರೆಯಿರಿ. ಇಬ್ಬರು ಅಂದ ಮೇಲೆ ‘ನಿಮ್ಮಿಬ್ಬರ’ ಎಂದೇ ಬರುತ್ತದೆ. ಆಪ್ತ ಗೆಳತಿಗೆ ಅದು ದೂರ ಅನ್ನಿಸುವುದಿಲ್ಲ, ಮೇಡಂ ಅನ್ನುವವರಿಗೂ ಮುಜುಗರವಿಲ್ಲ.

ಹುಡುಗನ ಹೆಸರನ್ನು ಲಗ್ನಪತ್ರಿಕೆ ನೋಡಿಯೇ ಬರೆಯಿರಿ. ಆದರೆ ಅಲ್ಲಿರುವ ‘ಚಿ.’, ‘ಚಿ. ಸೌ.’ ಬೇಡ. ಅದು ಹಿರಿಯರು ಕಿರಿಯರನ್ನು ಹರಸುವ ಮಾತು, ಜೊತೆಗೆ ಕೆಲಸ ಮಾಡುವವರ ಬಾಯಲ್ಲಿ ಹೊಂದುವುದಿಲ್ಲ.

ಒಳಗಿನ ಮಾತು ಎರಡು ಮೂರು ಸಾಲಿದ್ದರೆ ಸಾಕು. ‘ನೂರು ಕಾಲ ಸುಖವಾಗಿ ಬಾಳಿ’ ಎಂಬುದು ಅಲ್ಲಿ ಬರುವ ಹತ್ತಾರು ಕಾರ್ಡಿನಲ್ಲಿ ಇರುತ್ತದೆ. ನಿಮಗೆ ಮಾತ್ರ ಗೊತ್ತಿರುವ ಒಂದು ಸಂಗತಿ ಹಾಕಿ. ಅದು ಹುಡುಗನಿಗೂ ಅರ್ಥವಾಗಬೇಕು, ಅತ್ತೆ ಮಾವ ಓದಿದರೂ ಸರಿಯಿರಬೇಕು. ಹಾಗಾಗಿ ಆಫೀಸಿನ ಅಡ್ಡಹೆಸರು, ಬಾಸ್ ಬಗ್ಗೆ ತಮಾಷೆ ಬೇಡ. ಊಟದ ಡಬ್ಬಿಯ ನೆನಪು ಇಂಥ ಕಡೆ ಚೆನ್ನಾಗಿ ಒದಗುತ್ತದೆ. ಹೆಸರು ಸೌಮ್ಯ, ಕಿರಣ್ ಅಂದುಕೊಳ್ಳಿ:

“ಪ್ರೀತಿಯ ಸೌಮ್ಯ, ಕಿರಣ್,
ಸೌಮ್ಯ ಡಬ್ಬಿಯಲ್ಲಿ ತರುವ ದೋಸೆಗೆ ನಾವು 12 ಜನ ಕಾದಿರುತ್ತೇವೆ. ನಿಮ್ಮಿಬ್ಬರ ಹೊಸ ಮನೆಯ ಮೊದಲ ಹಿಟ್ಟು ಈ ಗ್ರೈಂಡರಿನಲ್ಲೇ ಆಗಲಿ. ಒಂದು ಭಾನುವಾರ ದೋಸೆ ತಿನ್ನಲು ನಾವೂ ಬರುತ್ತೇವೆ.
ಇಂತಿ, ಅಕೌಂಟ್ಸ್ ವಿಭಾಗದ ಗೆಳೆಯರು”

ಇದರ ಕೆಳಗೆ ಹನ್ನೆರಡೂ ಹೆಸರು ಬೇಕೇ ಬೇಕು. ಮದುವೆ ಮುಗಿದ ಮೇಲೆ ಮನೆಯಲ್ಲಿ ಯಾರೋ ಒಬ್ಬರು ಪುಸ್ತಕ ಹಿಡಿದು ಕೂತು, ಯಾರ ಮುಯ್ಯಿ ಏನು ಎಂದು ಬರೆದಿಡುತ್ತಾರೆ. ನಾಳೆ ನಿಮ್ಮ ಮನೆ ಮದುವೆಗೆ ಅವರು ತೆಗೆದು ನೋಡುವುದು ಅದನ್ನೇ. ‘ಆಫೀಸಿನವರು’ ಅಂತಷ್ಟೇ ಇದ್ದರೆ ಅವರು ಏನು ಬರೆದುಕೊಳ್ಳಬೇಕು? ಹೆಸರನ್ನು ಒಬ್ಬರೇ ಬರೆಯುವ ಬದಲು ಪ್ರತಿಯೊಬ್ಬರೂ ತಮ್ಮ ಕೈಯಲ್ಲೇ ಬರೆಯಲಿ. ಆಗ ಯಾರದು ಮೊದಲು ಎಂಬ ಮಾತೇ ಬರುವುದಿಲ್ಲ. ಇಬ್ಬರು ಮಂಜುನಾಥ್ ಇದ್ದರೆ ಇನಿಷಿಯಲ್ ಸೇರಿಸಿ. ಒಬ್ಬರು 200, ಇನ್ನೊಬ್ಬರು 500 ಹಾಕಿರಬಹುದು, ಆ ಲೆಕ್ಕ ಕಾರ್ಡಿಗೆ ಬರಬಾರದು.

ಕಾರ್ಡನ್ನು ಬಣ್ಣದ ಕಾಗದದ ಮೇಲೆ ಸುಮ್ನೆ ಅಂಟಿಸಿದರೆ ಛತ್ರದಿಂದ ಮನೆಗೆ ಸಾಗಿಸುವಾಗ ಕಿತ್ತುಹೋಗುತ್ತದೆ. ಅದನ್ನು ಡಬ್ಬದೊಳಗೇ ಇಡಿ, ಹೊರಗೆ ‘ಸೌಮ್ಯ ಅವರ ಆಫೀಸಿನಿಂದ’ ಎಂದು ದಪ್ಪ ಪೆನ್ನಿನಲ್ಲಿ ಬರೆಯಿರಿ. ಗ್ರೈಂಡರಿನ ವಾರಂಟಿ ಕಾರ್ಡ್ ಮತ್ತು ಬಿಲ್ಲನ್ನು ಬೇರೆ ಕವರಿನಲ್ಲಿ ಹಾಕಿ ಅದರ ಪಕ್ಕದಲ್ಲೇ ಇಡಿ.