ಗಾಯ ಆಗಿಲ್ಲ, ಕೇಸ್ ಹೇಗೆ ನಿಲ್ಲುತ್ತೆ?

ಮುಂಬೈಯ ಮಾಟುಂಗಾದಲ್ಲಿರುವ ನನ್ನ ವಕೀಲಿ ಆಫೀಸಿಗೆ ಬರುವ ನಮ್ಮ ಕಡೆಯವರಿಂದ ಈ ಪ್ರಶ್ನೆ ಕೇಳಿ ಕೇಳಿ ಸಾಕಾಗಿದೆ. ಕುಂದಾಪುರದ ಕಡೆಯ ಹೋಟೆಲ್ ಹುಡುಗನೊಬ್ಬನೂ ಇದನ್ನೇ ಕೇಳಿದ.

ಬಟ್ಟೆ ಅಂಗಡಿಯಲ್ಲಿ ಸಂಜೆ 7.10ಕ್ಕೆ ಯುಪಿಐ ಮಾಡಿ ಹೊರಟಿದ್ದಾನೆ. ಬಾಗಿಲಲ್ಲಿ ಯಂತ್ರ ಕೂಗಿದೆ. ಕಾವಲಿನವನು ತೋಳು ಹಿಡಿದು ಸ್ಟಾಕ್ ರೂಮಿಗೆ ಎಳೆದೊಯ್ದ. 'ಎದ್ದರೆ ಕಾಲು ಮುರೀತೀನಿ' ಅಂತ ದೊಣ್ಣೆ ಎತ್ತಿದ. ಹೊಡೆಯಲಿಲ್ಲ. ಬಾಗಿಲಿಗೆ ಬೀಗವೂ ಇರಲಿಲ್ಲ. ಕೊನೆಗೆ ನೋಡಿದರೆ, ಅಂಗಿಯ ಟ್ಯಾಗ್ ತೆಗೆಯಲು ಅಂಗಡಿಯವರೇ ಮರೆತಿದ್ದರು.

ಇಲ್ಲಿ ಪರಿಹಾರ ಕೇಳಬಹುದಾದ ಮೂರು ತಪ್ಪುಗಳಿವೆ. ತೋಳು ಹಿಡಿದು ಎಳೆದದ್ದು ಬ್ಯಾಟರಿ, ಅಂದರೆ ಒಪ್ಪಿಗೆಯಿಲ್ಲದೆ ಬೇಕಂತಲೇ ಒಬ್ಬರ ಮೈಮೇಲೆ ಕೈ ಹಾಕುವ ತಪ್ಪು. (ವಿರಾರ್ ಲೋಕಲ್‌ನ ನೂಕುನುಗ್ಗಲು ಬ್ಯಾಟರಿಯಲ್ಲ, ದಯವಿಟ್ಟು ಅದನ್ನು ತರಬೇಡಿ.) ಈಗಲೇ ಏಟು ಬೀಳುತ್ತೆ ಅನ್ನಿಸುವಂತೆ ದೊಣ್ಣೆ ಎತ್ತಿದ್ದು ಅಸಾಲ್ಟ್. ಕೂರಿಸಿಕೊಂಡದ್ದು ಅಕ್ರಮ ಬಂಧನ. ಬೀಗ ಬೇಕಿಲ್ಲ, ಏಳಲು ಬಿಡದ ಹೆದರಿಕೆ ಸಾಕು. ಆದರೆ ಎಲ್ಲ ದಾರಿಯೂ ಮುಚ್ಚಿರಬೇಕು. 1845ರ ಬರ್ಡ್ ವಿರುದ್ಧ ಜೋನ್ಸ್ ಎಂಬ ಇಂಗ್ಲೆಂಡಿನ ಪ್ರಕರಣದಲ್ಲಿ ಸೇತುವೆಯ ಮೇಲೆ ಮುಂದಕ್ಕೆ ಬಿಡಲಿಲ್ಲ, ಹಿಂದಕ್ಕೆ ಹೋಗಬಹುದಿತ್ತು. ಅದು ಬಂಧನವಲ್ಲ ಎಂದಿತು ಕೋರ್ಟ್.

ಗಾಯದ ಗೊಂದಲ ಬರುವುದು ನಿರ್ಲಕ್ಷ್ಯದ ಕೇಸುಗಳಿಂದ. ಅದೇ ಅಂಗಡಿಯ ಒದ್ದೆ ನೆಲದ ಮೇಲೆ ಈ ಹುಡುಗ ಜಾರಿದ್ದ ಅಂದುಕೊಳ್ಳಿ. ಅಲ್ಲಿ ಯಾರೂ ಬೇಕಂತ ಮಾಡಿಲ್ಲ. ಎಚ್ಚರ ವಹಿಸಬೇಕಿತ್ತು, ವಹಿಸಲಿಲ್ಲ, ಅದರಿಂದಲೇ ಹಾನಿಯಾಯಿತು ಅಂತ ತೋರಿಸಬೇಕು. ಮೈ ಕೊಡವಿ ಎದ್ದು ಹೋದರೆ ಕೇಸಿಲ್ಲ. ಎಳೆದದ್ದು, ಹೆದರಿಸಿದ್ದು, ಕೂರಿಸಿದ್ದು ಹಾಗಲ್ಲ. ಅವು ಬೇಕಂತಲೇ ಮಾಡಿದವು. ಮಾಡಿದ್ದೇ ತಪ್ಪು, ಹಾನಿ ತೋರಿಸಬೇಕಿಲ್ಲ. ಗಾಯವಿದ್ದರೆ ಪರಿಹಾರ ಜಾಸ್ತಿ ಆದೀತು, ಅಷ್ಟೇ. ಗಾಯವಿಲ್ಲದೆ ಎಷ್ಟು ಸಿಗುತ್ತೆ ಅಂತ ನಾನು ಮಾತ್ರ ಭರವಸೆ ಕೊಡಲಾರೆ.

'ನಮಗೆ ಅನುಮಾನ ಬಂತು' ಎಂಬುದು ಅಂಗಡಿಯವರ ಉತ್ತರ. ಸಾಮಾನ್ಯ ಮನುಷ್ಯನೂ ಒಬ್ಬನನ್ನು ಹಿಡಿಯಬಹುದು, ನಿಜ. ಆದರೆ ಬರೀ ಅನುಮಾನ ಸಾಲದು. ಗಂಭೀರ ಅಪರಾಧ ತನ್ನ ಕಣ್ಣೆದುರೇ ನಡೆದಿರಬೇಕು, ಅಥವಾ ಅವನು ತಲೆಮರೆಸಿಕೊಂಡಿದ್ದಾನೆ ಅಂತ ಕೋರ್ಟು ಸಾರಿದ ಘೋಷಿತ ಅಪರಾಧಿಯಾಗಿರಬೇಕು. ಹಿಡಿದ ಮೇಲೆ ತಡಮಾಡದೆ, ಹೆಚ್ಚೆಂದರೆ 6 ಗಂಟೆಯೊಳಗೆ, ಪೊಲೀಸರಿಗೆ ಒಪ್ಪಿಸಬೇಕು. ಇವರು ಪೊಲೀಸರಿಗೆ ಫೋನೇ ಮಾಡಿರಲಿಲ್ಲ.

ಅಕ್ರಮ ಬಂಧನದ ಪರಿಹಾರಕ್ಕೆ ಬಿಡುಗಡೆಯಾದ ದಿನದಿಂದ 1 ವರ್ಷದೊಳಗೆ ದಾವೆ ಹೂಡಬೇಕು. ಗಾಯವಿಲ್ಲ ಅಂತ ಯಾರೋ ಹೇಳಿದ್ದಕ್ಕೆ ಈ ಪುಣ್ಯಾತ್ಮ ಸುಮ್ನೆ ಕೂತಿದ್ದ. ಬಂದಾಗ 9 ದಿನ ಉಳಿದಿತ್ತು. ಸಿಸಿಟಿವಿ ದೃಶ್ಯ ಅಳಿಸಿಹೋಗಿತ್ತು. ಕೈಯಲ್ಲಿದ್ದದ್ದು 7.10ರ ಯುಪಿಐ ಮೆಸೇಜು, ಹೊರಬಂದ ತಕ್ಷಣ ಅಣ್ಣನಿಗೆ ಮಾಡಿದ 7.55ರ ಫೋನ್ ಕಾಲ್. ಆ 45 ನಿಮಿಷ ಹಿಡಿದುಕೊಂಡೇ ದಾವೆ ಬರೆದೆ.