ಎರಡು ವಾರ ತಪ್ಪಿದ ಓದಿನ ಲೆಕ್ಕ

ದ್ವಿತೀಯ ಪಿಯುಸಿ ವಿಜ್ಞಾನ ಓದುವ ವಿದ್ಯಾರ್ಥಿನಿಯೊಬ್ಬಳು ಹನ್ನೆರಡು ವಾರಗಳ ವೇಳಾಪಟ್ಟಿ ಹಾಕಿಕೊಂಡು, ಮೊದಲ ಎರಡು ವಾರವನ್ನೇ ಜ್ವರದಲ್ಲಿ ಕಳೆದಳು ಎಂದಿಟ್ಟುಕೊಳ್ಳೋಣ. ದಿನಕ್ಕೆ 3 ಗಂಟೆ, ವಾರಕ್ಕೆ ಆರು ದಿನ ಎಂಬುದು ಅವಳ ಯೋಜನೆ. ತಪ್ಪಿದ್ದು 36 ಗಂಟೆ, ಅದನ್ನು ಉಳಿದ ಅರವತ್ತು ದಿನಗಳಿಗೆ ಹಂಚಿದರೆ ದಿನಕ್ಕೆ ಬರೀ 36 ನಿಮಿಷ ಎಂದು ಅವಳಿಗೆ ಅನ್ನಿಸುವುದು ಸಹಜ. ಆದರೆ ಹಿಂದಿನ ತಿಂಗಳಿನ ದಿನಚರಿಯನ್ನು ನೋಡಿದರೆ ಅವಳು ನಿಜವಾಗಿ ಓದಿದ್ದು ದಿನಕ್ಕೆ ಸರಾಸರಿ ಎರಡೂವರೆ ಗಂಟೆ. ಹಾಗಾದರೆ ಕೈಯಲ್ಲಿರುವುದು 150 ಗಂಟೆ, ಬಾಕಿಯಿರುವ ಕೆಲಸ 216 ಗಂಟೆಯದು. ನಿಜವಾದ ಕೊರತೆ 66 ಗಂಟೆ, ಇದನ್ನು ದಿನಗಳಿಗೆ ತುರುಕಲಾಗದು, ಕೆಲಸದಿಂದಲೇ ಕಳೆಯಬೇಕು.

ಎಲ್ಲಿಂದ ಕಳೆಯುವುದು? ಮೊದಲಿಗೆ, ಪಟ್ಟಿಯಲ್ಲಿರುವ ಹಳೆಯ ಪಾಠಗಳ ಮರುಓದಿನಿಂದ. ಜ್ವರಕ್ಕೆ ಮುಂಚೆ ಓದಿದ್ದೆಲ್ಲ ಮರೆತುಹೋಗಿದೆ ಎಂದು ಭಯಪಡಬೇಕಿಲ್ಲ. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬಿಂಗ್‌ಹೌಸ್ 1885ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿ, ಮತ್ತೆ ಕಲಿಯುವಾಗ ಎಷ್ಟು ಸಮಯ ಉಳಿತಾಯವಾಗುತ್ತದೆಂದು ತನ್ನ ಮೇಲೆಯೇ ಅಳೆದರು. ಒಂದು ದಿನದ ನಂತರ ಸುಮಾರು ಮೂರನೇ ಒಂದು ಭಾಗ ಉಳಿತಾಯವಾದರೆ, ಒಂದು ತಿಂಗಳ ನಂತರವೂ ಐದನೇ ಒಂದರಷ್ಟು ಆಗುತ್ತಿತ್ತು. ಮರೆವು ಆರಂಭದಲ್ಲಿ ವೇಗವಾಗಿ ಸಾಗಿ ಆಮೇಲೆ ನಿಧಾನವಾಗುತ್ತದೆ. ಅರ್ಥವಿರುವ ಪಾಠಗಳು ಇನ್ನೂ ಚೆನ್ನಾಗಿಯೇ ನಿಲ್ಲುತ್ತವೆ. ಆದ್ದರಿಂದ ಅವಳು ಓದಿ ಮುಗಿಸಿರುವ 24 ಪಾಠಗಳನ್ನು ತಲಾ 3 ಗಂಟೆಯಂತೆ ಮರುಓದುವ ಬದಲು, ಪುಸ್ತಕ ಮುಚ್ಚಿ ತಲಾ ಒಂದು ಗಂಟೆ ಪ್ರಶ್ನೆಗಳಿಗೆ ಉತ್ತರ ಬರೆದು, ಉತ್ತರ ತಪ್ಪಾದ ಎಂಟು ಪಾಠಗಳಿಗೆ ಮಾತ್ರ ತಲಾ ಇನ್ನೂ ಒಂದೂವರೆ ಗಂಟೆ ಕೊಟ್ಟರೆ 72 ಗಂಟೆಯ ಕೆಲಸ 36ಕ್ಕೆ ಇಳಿಯುತ್ತದೆ. ನೆನಪಿನಿಂದ ತೆಗೆದು ಬರೆಯುವುದು ಮತ್ತೆ ಓದುವುದಕ್ಕಿಂತ ಹೆಚ್ಚು ದಿನ ನಿಲ್ಲುತ್ತದೆ ಎಂಬುದು ಹಲವು ಪ್ರಯೋಗಗಳಲ್ಲಿ ಕಂಡುಬಂದಿದೆ. ಅಂದವಾದ ನೋಟ್ಸ್ ಬರೆಯಲು ಇಟ್ಟಿದ್ದ 15 ಗಂಟೆಯನ್ನು ಬಿಟ್ಟುಬಿಡಬಹುದು.

ಕೊರತೆಯಲ್ಲಿ ಉಳಿದ 15 ಗಂಟೆಯನ್ನು ಜ್ವರದಲ್ಲಿ ತಪ್ಪಿದ ಪಾಠಗಳಿಂದಲೇ ತೆಗೆಯಬೇಕು. ಇಲ್ಲಿ ನೋಡಬೇಕಾದದ್ದು ಯಾವ ಪಾಠದ ಮೇಲೆ ಯಾವುದು ನಿಂತಿದೆ ಎಂಬುದನ್ನು. ಭೌತಶಾಸ್ತ್ರದಲ್ಲಿ ಚಲಿಸುವ ಆವೇಶ ಮತ್ತು ಕಾಂತತ್ವವನ್ನು ಬಿಟ್ಟರೆ ವಿದ್ಯುತ್ಕಾಂತೀಯ ಪ್ರೇರಣೆ ಅರ್ಥವಾಗದು, ಅದಾಗದಿದ್ದರೆ ಪರ್ಯಾಯ ವಿದ್ಯುತ್ತೂ ಕಷ್ಟ. ಹಾಗಾಗಿ ಅದಕ್ಕೆ ಪೂರ್ಣ ಸಮಯ ಕೊಡಬೇಕು. ವಿಕಿರಣದ ದ್ವಂದ್ವ ಸ್ವಭಾವದಂಥ, ಹೆಚ್ಚು ಪಾಠಗಳಿಗೆ ಬುನಾದಿಯಾಗದ ಪಾಠದಲ್ಲಿ ದ್ಯುತಿವಿದ್ಯುತ್ ಪರಿಣಾಮದ ಸಮೀಕರಣ ಮತ್ತು ಅದರ ಲೆಕ್ಕಗಳಿಗೆ ನಿಂತರೂ ಸಾಕಾಗುತ್ತದೆ. ಬಾಕಿ ಪಾಠಗಳನ್ನು ಒಂದೇ ಭಾನುವಾರ ಮುಗಿಸದೆ, ವಾರಕ್ಕೆ ಎರಡು ಅವಧಿಯಂತೆ ಹೊಸ ಪಾಠಗಳ ನಡುವೆ ಹರಡಬೇಕು. ಅಂತರ ಬಿಟ್ಟು ಓದಿದ್ದು ಒಂದೇ ಬಾರಿಗೆ ಕುಳಿತು ಓದಿದ್ದಕ್ಕಿಂತ ಪರೀಕ್ಷೆಯವರೆಗೆ ನೆನಪಿನಲ್ಲಿ ಉಳಿಯುವ ಸಂಭವ ಹೆಚ್ಚು.

ಹೊಸ ಪಟ್ಟಿ ಸರಿಯೋ ಎಂಬುದು ಮೊದಲ ಶನಿವಾರವೇ ತಿಳಿಯುತ್ತದೆ. ವಾರದ 15 ಗಂಟೆಯ ಕೆಲಸದಲ್ಲಿ 12ರಷ್ಟೇ ಆಗಿದ್ದರೆ, ಮುಂದಿನ ವಾರ 18 ಗಂಟೆ ಓದುತ್ತೇನೆಂದು ಬರೆದುಕೊಳ್ಳದೆ, 12ರ ಗತಿಯಿಂದಲೇ ಒಂಬತ್ತು ವಾರಗಳ ಲೆಕ್ಕವನ್ನು ಮತ್ತೆ ಮಾಡಿ, ಇನ್ನಷ್ಟು ಕಳೆಯಬೇಕು.